ನುಂಗುವಾಗ ನೋವು, ಸಿಕ್ಕಿಕೊಂಡ ಹಾಗೆ ಅನಿಸಿಕೆ: ಗಂಟಲಾ, ಅನ್ನನಾಳವಾ, ಹಾರ್ಟಾ?

"ನನಗೆ 34 ವರ್ಷ. ಮೂರು ದಿನದಿಂದ ಏನು ನುಂಗಿದರೂ ಎದೆ ನಡುವೆ ಚುಚ್ಚಿದ ಹಾಗೆ ನೋವು, ತಿಂದದ್ದು ಅಲ್ಲೇ ಸಿಕ್ಕಿಕೊಂಡ ಹಾಗೆ ಅನ್ಸುತ್ತೆ. ಜ್ವರ ಇಲ್ಲ. ಮೊಡವೆಗೆ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ರಾತ್ರಿ ಮಲಗುವಾಗ ತಗೊಳ್ತೀನಿ, ಬೇರೆ ಔಷಧ ಇಲ್ಲ. ಇದು ಗಂಟಲಿನದಾ, ಹಾರ್ಟಿನದಾ?"

ನಾನು ಜೀರ್ಣಾಂಗದ ಕಾಯಿಲೆಗಳನ್ನು ನೋಡುವ ಡಾಕ್ಟರ್. ನಿಮ್ಮ ಮಾತಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಕ್ಯಾಪ್ಸೂಲ್. ಆದರೆ ಅದಕ್ಕೆ ಮೊದಲು ಹೃದಯದ ಮಾತು ಮುಗಿಸೋಣ, ಯಾಕಂದ್ರೆ ಅಲ್ಲಿ ತಡ ಮಾಡುವ ಹಾಗಿಲ್ಲ.

ಹೃದಯದ ರಕ್ತನಾಳ ಕಟ್ಟಿ ಬರುವ ನೋವು ನುಂಗುವುದನ್ನು ಕಾಯುವುದಿಲ್ಲ. ಮೆಟ್ಟಿಲು ಹತ್ತುವಾಗ, ಬೇಗ ನಡೆಯುವಾಗ ಎದೆ ಹಿಂಡಿದ ಹಾಗೆ ಶುರುವಾಗಿ, ನಿಂತರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಸುಮ್ನೆ ಕೂತಾಗಲೇ ಬಂದು ಇಳಿಯದೇ ಇದ್ದರೆ, ಜೊತೆಗೆ ಬೆವರು, ಉಸಿರಾಟದ ಕಷ್ಟ, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ ಈ ಉತ್ತರ ಓದುತ್ತಾ ಕೂರಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ, ಇಸಿಜಿ ಮಾಡಿಸಿ. ಆಸಿಡಿಟಿ ಔಷಧ ಕುಡಿದು ಕಡಿಮೆಯಾಯಿತು ಅಂತ ಹೃದಯದ್ದಲ್ಲ ಎಂದುಕೊಳ್ಳಬಾರದು, ಅದು ನಂಬುವಂಥ ಪರೀಕ್ಷೆ ಅಲ್ಲ. ನಾಲಿಗೆ ಕೆಳಗಿಡುವ ಹೃದಯದ ಮಾತ್ರೆಯೂ ಅಷ್ಟೇ. ಅನ್ನನಾಳ ಸೆಟೆದುಕೊಂಡು ಬಂದ ನೋವನ್ನೂ ಅದು ಇಳಿಸುತ್ತದೆ.

ಹೃದಯದ ಕಡೆಯಿಂದ ನಿಜವಾಗಿ ನುಂಗುವಾಗ ನೋಯಬಹುದಾದದ್ದು ಒಂದಿದೆ: ಹೃದಯದ ಸುತ್ತಲಿನ ಪೊರೆ ಊದಿಕೊಳ್ಳುವುದು. ಅನ್ನನಾಳ ಹೃದಯದ ಬೆನ್ನಿಗೇ ತಾಗಿಕೊಂಡು ಇಳಿಯುವುದರಿಂದ ಹೀಗಾಗುತ್ತದೆ. ಆ ನೋವು ಅಂಗಾತ ಮಲಗಿದರೆ, ಉಸಿರು ಜೋರಾಗಿ ಎಳೆದರೆ ಜಾಸ್ತಿ. ಮುಂದಕ್ಕೆ ಬಾಗಿ ಕೂತರೆ ಹಗುರ. ನಿಮಗೆ ಹೀಗಿದ್ದರೆ ಅದೇ ದಿನ ಡಾಕ್ಟರನ್ನು ನೋಡಿ.

ಇನ್ನು ಗಂಟಲೋ ಅನ್ನನಾಳವೋ ಅನ್ನುವುದನ್ನು ನೀವೇ ಬಹುಮಟ್ಟಿಗೆ ತಿಳಿಯಬಹುದು. ನೆಟ್ಟಗೆ ಕೂತು ಒಂದು ಗುಟುಕು ನೀರು ನುಂಗಿ, ನೋವು ಯಾವಾಗ ಬರುತ್ತದೆ ಗಮನಿಸಿ. ಗಂಟಲಿನದಾದರೆ ನುಂಗಲು ಹೊರಟ ಕ್ಷಣಕ್ಕೇ ನೋವು. ಉಗುಳು ನುಂಗಿದರೂ ನೋಯುತ್ತದೆ, ಕಿವಿಗೂ ಹರಡಬಹುದು. ನೀರು ಮೂಗಿಗೆ ಏರುವುದು, ನುಂಗುತ್ತಲೇ ಕೆಮ್ಮು ಬರುವುದು ಕೂಡ ಅಲ್ಲಿನ ಗುರುತು. ಅನ್ನನಾಳದ್ದಾದರೆ ನುಂಗಿ ಕೆಲವು ಸೆಕೆಂಡು ಕಳೆದ ಮೇಲೆ, ಎದೆಮೂಳೆಯ ಹಿಂದೆ. ಒಂದು ಎಚ್ಚರಿಕೆ: ಕೈ ಎದೆಗೆ ಹೋದರೆ ಬಹುಮಟ್ಟಿಗೆ ಅನ್ನನಾಳವೇ, ಆದರೆ ಕತ್ತು ತೋರಿಸಿದವರಲ್ಲೂ ತೊಂದರೆ ಕೆಳಗೆ ಇರಬಹುದು.

ನಿಮ್ಮ ವಿವರ ಅನ್ನನಾಳದ ಕಡೆಗೇ ಬೆರಳು ಮಾಡುತ್ತದೆ. ಡಾಕ್ಸಿಸೈಕ್ಲಿನ್ ಕರಗಿದಾಗ ಆಮ್ಲದ ಗುಣ ಪಡೆಯುತ್ತದೆ. ಮಲಗುವ ಹೊತ್ತಿಗೆ ಒಂದೇ ಗುಟುಕು ನೀರಲ್ಲಿ ನುಂಗಿದರೆ ಕ್ಯಾಪ್ಸೂಲಿನ ಹೊದಿಕೆ ಒದ್ದೆಯಾಗಿ ಅನ್ನನಾಳದ ಗೋಡೆಗೆ ಅಂಟಿಕೊಳ್ಳಬಹುದು. ದೊಡ್ಡ ರಕ್ತನಾಳ ಅಡ್ಡ ಹಾಯುವ ಕಡೆ ಅನ್ನನಾಳ ಸ್ವಲ್ಪ ಇಕ್ಕಟ್ಟು, ಹೆಚ್ಚಾಗಿ ನಿಲ್ಲುವುದು ಅಲ್ಲೇ. ನಿದ್ದೆಯಲ್ಲಿ ನಾವು ನುಂಗುವುದೂ ಕಡಿಮೆ, ಉಗುಳೂ ಕಡಿಮೆ. ಹಾಗಾಗಿ ಔಷಧ ಅಲ್ಲೇ ಕರಗಿ ಗೋಡೆ ಸುಡುತ್ತದೆ. ಎಂಡೋಸ್ಕೋಪಿಯಲ್ಲಿ ಕೆಲವೊಮ್ಮೆ ಎದುರು ಬದುರಿನ ಗೋಡೆಗಳಲ್ಲಿ ಜೋಡಿ ಹುಣ್ಣು ಕಾಣುತ್ತದೆ, ಕ್ಯಾಪ್ಸೂಲು ಕೂತಿದ್ದ ಜಾಗ ಬಿಡಿಸಿ ಹೇಳಿದ ಹಾಗೆ. ಸಿಕ್ಕಿಕೊಂಡಿದೆ ಅನ್ನಿಸಿದರೂ ಅಲ್ಲಿ ಊಟ ನಿಂತಿರುವುದು ಕಡಿಮೆ. ಹುಣ್ಣಾದ ಜಾಗವೇ ಹಾಗೆ ಅನ್ನಿಸುತ್ತದೆ.

ಮೊಡವೆಯ ಔಷಧ ಒಂದೆರಡು ದಿನ ತಪ್ಪಿದರೆ ನಷ್ಟವಿಲ್ಲ. ಇವತ್ತು ರಾತ್ರಿಯ ಕ್ಯಾಪ್ಸೂಲ್ ಬಿಡಿ, ಬರೆದುಕೊಟ್ಟವರಿಗೆ ನಾಳೆಯೇ ತಿಳಿಸಿ. ನೋವು ಇಳಿಯುವವರೆಗೆ ಮೆತ್ತಗಿನ, ಬಿಸಿ ಆರಿದ, ಖಾರ ಹುಳಿ ಇಲ್ಲದ ಊಟ ಮಾಡಿ. ನೋವಿಗೆಂದು ಐಬುಪ್ರೊಫೆನ್ ನುಂಗಬೇಡಿ, ಅದೂ ಇದೇ ಥರ ಸುಡುತ್ತದೆ. ಹುಣ್ಣಿನ ಮೇಲೆ ಆಮ್ಲ ಬೀಳದಿರಲಿ ಎಂದು ಡಾಕ್ಟರ್ ಆಮ್ಲ ತಗ್ಗಿಸುವ ಮಾತ್ರೆ ಕೊಡಬಹುದು. ಕ್ಯಾಪ್ಸೂಲ್ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ದಿನದಿಂದ ಒಂದು ವಾರದಲ್ಲಿ ನೋವು ಇಳಿಯುತ್ತಾ ಬರುತ್ತದೆ.

ಇಳಿಯದಿದ್ದರೆ ನನ್ನ ಊಹೆ ತಪ್ಪಿರಬಹುದು. ಆಗ ಎಂಡೋಸ್ಕೋಪಿ ಬೇಕು. ಮೊದಲು ಗಟ್ಟಿ ಊಟ, ವಾರಗಳ ಮೇಲೆ ಮೆತ್ತಗಿನದೂ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕಾಯುವುದೇ ಬೇಡ, ಅಲ್ಲಿ ಇಕ್ಕಟ್ಟು ಅಥವಾ ಗೆಡ್ಡೆ ಇರಬಹುದು. ಉಗುಳು ಕೂಡ ಇಳಿಯದೆ ಬಾಯಿಂದ ಸುರಿಯುವುದು, ರಕ್ತ ವಾಂತಿ, ಕಪ್ಪು ಮಲ, ಜೋರಾಗಿ ವಾಂತಿಯಾದ ಮೇಲೆ ಎದೆನೋವು: ಇವು ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗುವ ವಿಷಯ.

ಡಾಕ್ಟರ ಬಳಿ ಹೋದಾಗ ಔಷಧದ ಹೆಸರು ಮಾತ್ರ ಹೇಳಿ ಸುಮ್ಮನಾಗಬೇಡಿ. ಎಷ್ಟು ನೀರಲ್ಲಿ ನುಂಗಿದಿರಿ, ನುಂಗಿದ ಎಷ್ಟು ಹೊತ್ತಿಗೆ ಮಲಗಿದಿರಿ, ನೋವು ಯಾವ ದಿನ ಶುರುವಾಯಿತು, ಇವನ್ನೂ ಹೇಳಿ. ಮುಂದೆ ಈ ಔಷಧ ಮತ್ತೆ ತಗೊಳ್ಳಲು ಹೇಳಿದರೆ ಹಗಲು ಹೊತ್ತಿನಲ್ಲಿ, ಊಟದ ಜೊತೆ, ಪೂರ್ತಿ ಒಂದು ಲೋಟ ನೀರಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ ನೆಟ್ಟಗೆ ಇರಿ.