98ಕ್ಕೆ ಕೊಳ್ತಾರೆ, 102ಕ್ಕೆ ಮಾರ್ತಾರೆ, ಯಾರಿವರು?

"ಸಣ್ಣ ಕಂಪನಿಗಳ ಎಸ್‌ಎಂಇ ಷೇರಲ್ಲಿ ಒಬ್ಬರೇ 98ಕ್ಕೆ ಕೊಳ್ಳೋಕೂ 102ಕ್ಕೆ ಮಾರೋಕೂ ಆರ್ಡರ್ ಹಾಕಿದಾರಂತೆ. ಇದು ಮೋಸ ಅಲ್ವಾ?"

ಮೋಸ ಅಲ್ಲ ಸರ್. ಅವರು ಮಾರ್ಕೆಟ್ ಮೇಕರ್. ನಮ್ಮ ಕಲಬುರಗಿ ಗಂಜಿನಲ್ಲಿ ತೊಗರಿ ಮಾರಿಸುವ ಅಡತಿಯವರು ಕಮಿಷನ್ ತಗೊಳ್ತಾರೆ, ಮಾಲು ಅವರದಲ್ಲ. ಇವರು ಹಾಗಲ್ಲ, ಸ್ವಂತ ದುಡ್ಡು ಹಾಕಿ ಕೊಳ್ತಾರೆ, ಸ್ವಂತ ದಾಸ್ತಾನಿನಿಂದ ಮಾರ್ತಾರೆ. ಎಸ್‌ಎಂಇ ಕಂಪನಿ ಲಿಸ್ಟ್ ಆದ ಮೇಲೆ ಕನಿಷ್ಠ 3 ವರ್ಷ ಇಂಥವರು ಇರಲೇಬೇಕು, ದಿನದ ವಹಿವಾಟಿನ ಹೊತ್ತಿನಲ್ಲಿ 75% ಸಮಯ ಎರಡೂ ಕಡೆ ಬೆಲೆ ಹೇಳಬೇಕು ಅಂತ ಸೆಬಿ ನಿಯಮವಿದೆ.

ಆ 4 ರೂಪಾಯಿ ಪೂರ್ತಿ ಲಾಭ ಅಲ್ಲ. ಬೆಳಿಗ್ಗೆ ಮೂರು ಜನ ಅವರಿಗೆ 98ಕ್ಕೆ ಮಾರಿದರು, ಕೊಳ್ಳುವವರು ಯಾರೂ ಬರಲಿಲ್ಲ ಅನ್ನಿ. ದಾಸ್ತಾನು ಏರಿತು, ಬೆಲೆ ಬಿದ್ದರೆ ನಷ್ಟ ಅವರದೇ. ಆಗ ಎರಡೂ ಬೆಲೆ ಇಳಿಸಿ 95, 99 ಮಾಡ್ತಾರೆ. ಹೀಗೆ ಮಾಡಿದರೆ ಮಾರುವವರು ಸ್ವಲ್ಪ ತಡೀತಾರೆ, ಕೊಳ್ಳುವವರು ಬರ್ತಾರೆ.

ನಿಮ್ಮ ಲೆಕ್ಕ ನೋಡ್ರಿ. 1,200 ಷೇರಿನ ಲಾಟ್ ಅನ್ನು 102ಕ್ಕೆ ಕೊಂಡು ತಕ್ಷಣ 98ಕ್ಕೆ ಮಾರಿದರೆ 4,800 ರೂಪಾಯಿ ಹೋಯ್ತು. ಅದಕ್ಕೇ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ, ನಿಮ್ಮ ಬೆಲೆ ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ.

ಇನ್ನೊಂದು ಮಾತು, ಅವರು ಬೆಲೆ ಬೀಳದಂತೆ ಕಾಯುವವರಲ್ಲ. ದಾಸ್ತಾನು ನಿಗದಿತ ಮಿತಿ ಮುಟ್ಟಿದರೆ ಕೊಳ್ಳುವ ಬೆಲೆ ಹೇಳದೇ ಇರಬಹುದು. ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ ತೋರಿಸುವ ಡೆಪ್ತ್‌ನಲ್ಲಿ ಕೊಳ್ಳುವ ಕಡೆ ಖಾಲಿ ಕಂಡರೆ ನಿಮ್ಮ ಲಾಟ್ ಅವತ್ತು ಮಾರಾಟ ಆಗೋದು ಕಷ್ಟ.