ಫ್ಯಾಮಿಲಿ ಪ್ಲಾನ್‌ನಿಂದ ಒಬ್ಬರನ್ನು ತೆಗೆದರೆ ಅವರ ಫೋಟೊಗಳ ಗತಿ ಏನು?

ಪ್ರಶ್ನೆ: ನನ್ನ ಹೆಸರಲ್ಲಿರುವ 200 ಜಿಬಿ ಗೂಗಲ್ ಒನ್ ಪ್ಲಾನನ್ನು ಮನೆಯವರೆಲ್ಲ ಹಂಚಿಕೊಂಡಿದ್ದೇವೆ. ತಮ್ಮನ ಖಾತೆ ಒಂದರಲ್ಲೇ 92 ಜಿಬಿ ತುಂಬಿದೆ. ಇನ್ನು ಮುಂದೆ ತನ್ನದೇ ಪ್ಲಾನ್ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಅವನನ್ನು ತೆಗೆದರೆ ಫೋಟೊಗಳು ಅಳಿಸಿಹೋಗುತ್ತವೆಯೇ? ಅವನ ಜಾಗಕ್ಕೆ ಅಮ್ಮನನ್ನು ಸೇರಿಸಬಹುದೇ?

ಉತ್ತರ: ಅಳಿಸಿಹೋಗುವುದಿಲ್ಲ. ಆದರೆ ತೆಗೆದ ಕ್ಷಣದಿಂದ ಅವರ ಖಾತೆ ತುಂಬಿ ತುಳುಕುವ ಸ್ಥಿತಿಗೆ ಬರುತ್ತದೆ. ಅದು ಹೇಗೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಗೂಗಲ್ ಖಾತೆ ಇರುವ ಪ್ರತಿಯೊಬ್ಬರಿಗೂ 15 ಜಿಬಿ ಉಚಿತ. ಫ್ಯಾಮಿಲಿ ಪ್ಲಾನ್‌ಗೆ ಸೇರಿದರೂ ಅದು ಅವರದೇ ಆಗಿ ಉಳಿಯುತ್ತದೆ. ಮೊದಲು ಆ 15 ಜಿಬಿ ತುಂಬಬೇಕು, ಮಿಕ್ಕಿದ್ದು ಮಾತ್ರ ಹಂಚಿಕೆಯ ಜಾಗಕ್ಕೆ ಬರುತ್ತದೆ. ಅಂದರೆ ನಿಮ್ಮ ತಮ್ಮನ 92 ಜಿಬಿಯಲ್ಲಿ 15 ಅವರ ಸ್ವಂತದ್ದು, 77 ನಿಮ್ಮ ಪ್ಲಾನ್‌ನಿಂದ ಹೋಗಿದ್ದು. ಅವರು ಗುಂಪಿನಿಂದ ಹೊರಬಿದ್ದ ಕೂಡಲೇ ಆ 77 ಜಿಬಿ ನಿಮ್ಮ ಕಡೆ ಖಾಲಿಯಾಗುತ್ತದೆ. ಅವರ ಕಡೆ 15 ಜಿಬಿಯ ಚೀಲದಲ್ಲಿ 92 ಜಿಬಿ ಸಾಮಾನು ಕೂತಿರುತ್ತದೆ.

ಕೂತಿದ್ದನ್ನು ಗೂಗಲ್ ಆಚೆ ಎಸೆಯುವುದಿಲ್ಲ, ಹೊಸದನ್ನು ಒಳಗೆ ಬಿಡುವುದಿಲ್ಲ ಅಷ್ಟೆ. ಹಳೆಯ ಫೋಟೊ ನೋಡಬಹುದು, ಇಳಿಸಿಕೊಳ್ಳಬಹುದು, ಅಳಿಸಬಹುದು. ಹೊಸ ಫೋಟೊಗಳ ಬ್ಯಾಕಪ್ ನಿಲ್ಲುತ್ತದೆ, ಡ್ರೈವ್‌ಗೆ ಫೈಲ್ ಏರುವುದಿಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಇದೇ ಜಾಗಕ್ಕೆ ಹೋಗುವುದರಿಂದ ಅದೂ ನಿಲ್ಲುತ್ತದೆ. ಎಲ್ಲಕ್ಕಿಂತ ತೊಂದರೆ ಕೊಡುವುದು ಜಿಮೇಲ್: ಕಳಿಸಿದ ಮೇಲ್ ಹೋಗುವುದಿಲ್ಲ, ಬರಬೇಕಾದ ಮೇಲ್ ಕಳಿಸಿದವರಿಗೇ ವಾಪಸಾಗುತ್ತದೆ. ಹಾಗೆ ವಾಪಸಾದ ಮೇಲ್ ಖಾತೆಯ ಒಡೆಯರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಯಾರೋ ಫೋನ್ ಮಾಡಿ "ನಿಮ್ಮ ಮೇಲ್‌ಬಾಕ್ಸ್ ತುಂಬಿದೆಯಂತಲ್ಲ" ಎಂದಾಗ. ಮಿತಿ ಮೀರಿದ ಸ್ಥಿತಿಯಲ್ಲೇ ಎರಡು ವರ್ಷ ಬಿಟ್ಟರೆ ಮಾತ್ರ ಜಿಮೇಲ್, ಡ್ರೈವ್, ಫೋಟೊಸ್‌ನಲ್ಲಿರುವುದನ್ನು ಅಳಿಸುವ ಹಕ್ಕು ಗೂಗಲ್‌ಗಿದೆ. 2021ರ ಜೂನ್ 1ರಿಂದ ಜಾರಿಯಲ್ಲಿರುವ ನಿಯಮ ಇದು.

ಹಾಗಾಗಿ ಆತುರ ಬೇಡ, ಆದರೆ ಕ್ರಮ ಮುಖ್ಯ. ಮೊದಲು ನಿಮ್ಮ ತಮ್ಮ ಅವರದೇ ಖಾತೆಯಿಂದ one.google.com/storage ತೆರೆದು ಫೋಟೊಸ್, ಡ್ರೈವ್, ಜಿಮೇಲ್ ತಲಾ ಎಷ್ಟು ತಿಂದಿವೆ ಎಂದು ನೋಡಲಿ. ಈ ಕೆಲಸ ನಿಮ್ಮಿಂದ ಆಗದು. ಯಾರು ಎಷ್ಟು ಜಾಗ ಬಳಸುತ್ತಿದ್ದಾರೆ ಎಂಬ ಅಂಕಿ ನಿಮಗೆ ಕಾಣುತ್ತದೆಯೇ ಹೊರತು ಒಳಗೇನಿದೆ ಎಂಬುದು ಕಾಣದು. ಆ ಪುಟದಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ದೊಡ್ಡ ವಿಡಿಯೊಗಳು. ಬೇಡದವನ್ನು ಅಳಿಸಿ, ಡ್ರೈವ್ ಮತ್ತು ಜಿಮೇಲ್‌ನ Trash ಖಾಲಿ ಮಾಡುವುದನ್ನು ಮರೆಯದಿರಲಿ. ಅದರಲ್ಲಿರುವ ತನಕ ಅವೂ ಲೆಕ್ಕಕ್ಕೆ ಬರುತ್ತವೆ. ಅಳಿಸಿದ ಕೂಡಲೇ ಅಂಕಿ ಇಳಿಯದಿದ್ದರೆ ಗಾಬರಿ ಬೇಡ, ಒಂದು ದಿನ ಕಾಯಿರಿ.

ಈ ಲೆಕ್ಕ ಯಾಕೆ ಬೇಕೆಂದರೆ, ಅವರು 100 ಜಿಬಿ ಪ್ಲಾನ್ ತೆಗೆದುಕೊಂಡರೆ ಈಗಿನ 92ರ ಮೇಲೆ ಉಳಿಯುವುದು 8 ಜಿಬಿ ಮಾತ್ರ. ವಿಡಿಯೊ ತೆಗೆಯುವ ಅಭ್ಯಾಸ ಇದ್ದರೆ ಅದು ಬಹಳ ದಿನ ಬಾರದು. ಮೊದಲೇ 20-30 ಜಿಬಿ ಹಗುರ ಮಾಡಿಕೊಂಡರೆ 100 ಜಿಬಿ ಸಾಕು, ಇಲ್ಲವಾದರೆ 200ರದ್ದೇ ಒಳ್ಳೆಯದು.

ಪ್ಲಾನ್ ಬೇಡ, ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುತ್ತೇನೆ ಎಂದರೆ takeout.google.com ಇದೆ. ಅಲ್ಲಿ ಎರಡು ಕಡೆ ಎಡವುವವರು ಹೆಚ್ಚು. ಒಂದು, ಫೈಲ್ ಎಲ್ಲಿಗೆ ಬೇಕು ಎಂದು ಕೇಳಿದಾಗ ಡ್ರೈವ್ ಆಯ್ದುಕೊಳ್ಳುವುದು. ಹಾಗೆ ಮಾಡಿದರೆ ಮೊದಲೇ ಜಾಗ ಇಲ್ಲದ ಖಾತೆಯಲ್ಲೇ ಇನ್ನೊಂದು ಪ್ರತಿ ತುಂಬುತ್ತದೆ. `Send download link via email` ಆರಿಸಬೇಕು. ಇನ್ನೊಂದು, ಫೈಲಿನ ಗಾತ್ರ 2 ಜಿಬಿಗೇ ಬಿಟ್ಟರೆ 92 ಜಿಬಿಗೆ 46ರಷ್ಟು ಜಿಪ್ ಫೈಲುಗಳು ಬರುತ್ತವೆ. 10 ಜಿಬಿ ಇಟ್ಟರೆ ಹತ್ತಕ್ಕೆ ಮುಗಿಯುತ್ತದೆ. ಡೌನ್‌ಲೋಡ್ ಲಿಂಕ್ ಸುಮಾರು ಒಂದು ವಾರ ಮಾತ್ರ ಜೀವಂತ, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಮತ್ತೆ, ಟೇಕ್‌ಔಟ್ ಎಂದರೆ ನಕಲು ತೆಗೆಯುವುದು. ಅದರಿಂದ ಜಾಗ ಖಾಲಿಯಾಗುವುದಿಲ್ಲ, ಅಳಿಸುವ ಕೆಲಸ ಬೇರೆಯೇ ಮಾಡಬೇಕು. ಇಳಿಸಿದ ಜಿಪ್‌ಗಳು ಸರಿಯಾಗಿ ತೆರೆದುಕೊಳ್ಳುತ್ತವೆಯೇ ಎಂದು ನೋಡಿದ ಮೇಲಷ್ಟೇ ಅಳಿಸಲಿ.

ಇಷ್ಟಾದ ಮೇಲೆ ತೆಗೆಯುವ ಕೆಲಸ ಎರಡು ನಿಮಿಷದ್ದು. ನಿಮ್ಮ ಖಾತೆಯಿಂದ myaccount.google.com/family ತೆರೆಯಿರಿ, ತಮ್ಮನ ಹೆಸರು ಒತ್ತಿ, `Remove member` ಆರಿಸಿ, ಪಾಸ್‌ವರ್ಡ್ ಕೊಡಿ. ಅಥವಾ ಅವರೇ ತಮ್ಮ ಖಾತೆಯಿಂದ `Leave family group` ಒತ್ತಿ ಹೊರಬರಬಹುದು. ನನ್ನ ಮಟ್ಟಿಗೆ ಎರಡನೆಯದೇ ಲೇಸು: ಅವರು ಕೂತಲ್ಲೇ ಹೊರಬಂದು, ಅದೇ ಹೊತ್ತಿನಲ್ಲಿ ಹೊಸ ಪ್ಲಾನ್ ಕೊಂಡರೆ ಮೇಲ್ ವಾಪಸಾಗುವ ಅವಧಿ ಹತ್ತು ನಿಮಿಷಕ್ಕಿಂತ ಹೆಚ್ಚಿರದು.

ಒಂದೆಡೆ ಮಾತ್ರ ಕೈ ಹಿಡಿದು ಒತ್ತಬೇಕು. ನಿಮ್ಮ ಕೈಯಲ್ಲಿ ಬೇರೆ ಎರಡು ಆಯ್ಕೆಗಳೂ ಇವೆ, ಅವುಗಳ ಪರಿಣಾಮ ಬೇರೆ. ಗೂಗಲ್ ಒನ್ ಸೆಟ್ಟಿಂಗ್ಸ್‌ನಲ್ಲಿ ಕುಟುಂಬದ ಜೊತೆ ಹಂಚಿಕೊಳ್ಳುವ ಸ್ವಿಚ್ ಆಫ್ ಮಾಡಿದರೆ ಎಲ್ಲರಿಗೂ ಒಟ್ಟಿಗೇ ಜಾಗ ನಿಲ್ಲುತ್ತದೆ, ಗುಂಪು ಮಾತ್ರ ಉಳಿಯುತ್ತದೆ. `Delete family group` ಒತ್ತಿದರೆ ಗುಂಪೇ ಹೋಗುತ್ತದೆ. ಒಬ್ಬರನ್ನು ಕಳಿಸಲು ಹೋಗಿ ಇದನ್ನು ಒತ್ತಿದವರಿದ್ದಾರೆ.

ಗುಂಪು ಒಂದೇ ಆಗಿರುವುದರಿಂದ ಅದರ ಮೇಲೆ ನಿಂತಿದ್ದೆಲ್ಲವೂ ತಮ್ಮನಿಗೆ ತಪ್ಪುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಯೂಟ್ಯೂಬ್ ಪ್ರೀಮಿಯಂ ಫ್ಯಾಮಿಲಿ ಪ್ಲಾನ್ ಇದ್ದರೆ ಅದು ನಿಲ್ಲುತ್ತದೆ. ಫ್ಯಾಮಿಲಿ ಕ್ಯಾಲೆಂಡರ್ ಕಾಣುವುದಿಲ್ಲ. ಪ್ಲೇ ಸ್ಟೋರ್‌ನ ಫ್ಯಾಮಿಲಿ ಲೈಬ್ರರಿಗೆ ಅವರು ಹಾಕಿದ್ದ ಆ್ಯಪ್‌ಗಳು ನಿಮಗೆ ತಪ್ಪುತ್ತವೆ, ನೀವು ಹಾಕಿದ್ದು ಅವರಿಗೆ. ನಿಮ್ಮ ಕಾರ್ಡನ್ನು ಕುಟುಂಬದ ಪಾವತಿ ವಿಧಾನವಾಗಿ ಇಟ್ಟಿದ್ದು, ಅದರ ಮೇಲೆ ಅವರ ಯಾವುದಾದರೂ ಚಂದಾ ನಡೆಯುತ್ತಿದ್ದರೆ, ಮುಂದಿನ ಕಂತಿಗೆ ಮೊದಲೇ ಅವರು ಬೇರೆ ಕಾರ್ಡ್ ಹಾಕಿಕೊಳ್ಳಬೇಕು. ನೀವಿಬ್ಬರೂ ಇಮೇಲ್ ವಿಳಾಸ ಕೊಟ್ಟು ಹಂಚಿಕೊಂಡ ಡ್ರೈವ್ ಫೋಲ್ಡರ್‌ಗಳಿಗೆ ಮಾತ್ರ ಏನೂ ಆಗುವುದಿಲ್ಲ, ಅವು ಗುಂಪಿಗೆ ಕಟ್ಟಿಕೊಂಡವಲ್ಲ.

ಇನ್ನು ಅಮ್ಮನ ವಿಷಯ. ಗುಂಪಿನಲ್ಲಿ ನಿಮ್ಮನ್ನೂ ಸೇರಿಸಿ ಆರು ಜನಕ್ಕೆ ಅವಕಾಶ. ಹಾಗಾಗಿ ಮೊದಲೇ ಆರು ಜನ ಇಲ್ಲದಿದ್ದರೆ ತಮ್ಮ ಹೋಗುವ ತನಕ ಕಾಯಬೇಕಾಗಿಯೂ ಇಲ್ಲ. ಅದೇ ಪುಟದಲ್ಲಿ ಅಮ್ಮನ ಜಿಮೇಲ್ ವಿಳಾಸಕ್ಕೆ ಆಹ್ವಾನ ಕಳಿಸಿ. ಅವರ ಫೋನಿನಲ್ಲಿ ಎರಡು ಖಾತೆ ಇದ್ದರೆ, ಆಹ್ವಾನ ಬಂದದ್ದು ಒಂದಕ್ಕೆ, ಬ್ರೌಸರ್ ತೆರೆದಿರುವುದು ಇನ್ನೊಂದಕ್ಕೆ ಎಂಬ ಗೊಂದಲ ಆಗುವುದುಂಟು. ಸೇರಿಸುವ ಮುಂಚೆ ಮೇಲ್ಗಡೆ ಬಲ ಮೂಲೆಯಲ್ಲಿರುವ ಚಿತ್ರ ಒತ್ತಿ ಖಾತೆ ಯಾವುದೆಂದು ನೋಡಿ. ಕಚೇರಿ ಅಥವಾ ಶಾಲೆ ಕೊಟ್ಟ ಖಾತೆ ನಡೆಯುವುದಿಲ್ಲ, ಎಲ್ಲರ ಖಾತೆಯ ದೇಶವೂ ಒಂದೇ ಇರಬೇಕು.

ಆಹ್ವಾನ ಒಪ್ಪಲು ಹೋದಾಗ ಆಗದು ಎಂಬ ಸಂದೇಶ ಬಂದರೆ, ಅಮ್ಮ ಈಗಾಗಲೇ ಬೇರೊಬ್ಬರ ಗುಂಪಿನಲ್ಲಿದ್ದಾರೆಯೇ ಎಂದು ನೋಡಿ. ಒಬ್ಬರು ಒಂದು ಸಲಕ್ಕೆ ಒಂದೇ ಗುಂಪಿನಲ್ಲಿರಬಹುದು, ಗುಂಪು ಬದಲಿಸುವುದು 12 ತಿಂಗಳಲ್ಲಿ ಒಂದೇ ಸಲ. ಈ ನಿಯಮ ತಮ್ಮನಿಗೂ ಅನ್ವಯ: ನಿಮ್ಮ ಗುಂಪು ಬಿಟ್ಟು ಇನ್ನೊಂದಕ್ಕೆ ಸೇರಿ, ಅದನ್ನೂ ಬಿಟ್ಟರೆ ಮುಂದಿನದಕ್ಕೆ ವರ್ಷ ಕಾಯಬೇಕು. "ಒಂದು ತಿಂಗಳು ಹೋಗಿ ನೋಡಿ ಬರುತ್ತೇನೆ" ಅನ್ನುವ ಆಟ ಇಲ್ಲಿ ನಡೆಯದು.

ಅಮ್ಮನಿಗೆ ಇಷ್ಟೇ ಜಿಬಿ ಎಂದು ಮಿತಿ ಹಾಕುವ ಸೌಲಭ್ಯ ಇಲ್ಲ. ಹಂಚಿಕೆಯ ಜಾಗ ಯಾರು ಮೊದಲು ತುಂಬಿದರೆ ಅವರದು. ಅವರ ಫೋನಿನ ಫೋಟೊಸ್ ಆ್ಯಪ್‌ನಲ್ಲಿ ವಾಟ್ಸ್‌ಆ್ಯಪ್ ಚಿತ್ರಗಳ ಫೋಲ್ಡರ್‌ಗೆ ಬ್ಯಾಕಪ್ ಆಗುತ್ತಿದ್ದರೆ ಆ ಸ್ವಿಚ್ ಆಫ್ ಮಾಡಿಡಿ, ಅರ್ಧ ಜಾಗ ಉಳಿದೀತು.

ಪ್ರಶ್ನೆ: ನಾನು ನೋಟ್ಸ್ ಬರೆಯುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೇನೆ. ಮನೆಯವರು ಫ್ಯಾಮಿಲಿ ಗುಂಪಿನಲ್ಲಿದ್ದರೂ ಅವರ ಫೋನಿನಲ್ಲಿ ಫ್ರೀ ಎಂದೇ ತೋರಿಸುತ್ತಿದೆ. ಏನು ತಪ್ಪಾಗಿದೆ?

ಉತ್ತರ: ಆಂಡ್ರಾಯ್ಡ್ ಫೋನಾದರೆ ತಪ್ಪೇನೂ ಆಗಿಲ್ಲ. ಫ್ಯಾಮಿಲಿ ಲೈಬ್ರರಿಗೆ ಬರುವುದು ದುಡ್ಡು ಕೊಟ್ಟು ಇಳಿಸಿಕೊಳ್ಳುವ ಆ್ಯಪ್‌ಗಳು. ಆ್ಯಪ್‌ನ ಒಳಗೆ ಹೋಗಿ ಕಟ್ಟುವ ಚಂದಾ ಅದರಲ್ಲಿ ಸೇರುವುದಿಲ್ಲ. ಆ ಆ್ಯಪ್‌ನವರೇ ಬೇರೆ ಫ್ಯಾಮಿಲಿ ಪ್ಲಾನ್ ಇಟ್ಟಿದ್ದಾರೆಯೇ ಎಂದು ಆ್ಯಪ್‌ನ ಒಳಗಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇದ್ದರೆ ಅದರ ಆಹ್ವಾನವನ್ನೂ ಅಲ್ಲಿಂದಲೇ ಕಳಿಸಬೇಕು. ನಾಳೆ ಯಾರನ್ನಾದರೂ ಗೂಗಲ್ ಗುಂಪಿನಿಂದ ತೆಗೆದಿರೆಂದುಕೊಳ್ಳಿ, ಆಗಲೂ ಈ ಪ್ಲಾನ್‌ನಲ್ಲಿ ಅವರ ಹೆಸರು ಹಾಗೆಯೇ ಇರುತ್ತದೆ. ಇಲ್ಲಿಂದ ಬೇರೆಯೇ ತೆಗೆಯಬೇಕು.

ಐಫೋನ್‌ನಲ್ಲಿ ಅದು ಆ್ಯಪ್ ಮಾಡಿದವರ ಇಷ್ಟಕ್ಕೆ ಬಿಟ್ಟದ್ದು. ಆಪ್ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಕೆಳಗೆ ಸರಿಸಿ, `Family Sharing` ಎಂಬ ಸಾಲು ಇದೆಯೇ ನೋಡಿ. ಇದ್ದರೆ Settings ತೆರೆದು ನಿಮ್ಮ ಹೆಸರು ಒತ್ತಿ, `Subscriptions` ಒಳಗೆ ಆ ಚಂದಾವನ್ನು ಆರಿಸಿದರೆ ಕುಟುಂಬದ ಜೊತೆ ಹಂಚುವ ಸ್ವಿಚ್ ಸಿಗುತ್ತದೆ. ಅದು ಆಫ್ ಆಗಿದ್ದರೆ ಆನ್ ಮಾಡಿ. ಆಮೇಲೂ ಮನೆಯವರ ಫೋನಿನಲ್ಲಿ ಫ್ರೀ ಎಂದೇ ಇದ್ದರೆ, ಅವರ ಆ್ಯಪ್‌ನ ಒಳಗೆ `Restore Purchases` ಎಂಬುದನ್ನು ಒಮ್ಮೆ ಒತ್ತಿಸಿ. ಚಂದಾ ಹಂಚಿದ ಮಾತ್ರಕ್ಕೆ ನಿಮ್ಮ ಟಿಪ್ಪಣಿಗಳು ಅವರಿಗೆ ಕಾಣುವುದಿಲ್ಲ, ಅವರವರ ಬರಹ ಅವರವರ ಖಾತೆಯಲ್ಲೇ ಇರುತ್ತದೆ.