ಐ-485 ಬಾಕಿ ಇರುವಾಗ ಊರಿಗೆ ಹೊರಟರೆ

"ಸರ್, ನಮ್ಮಿಬ್ಬರ ಗ್ರೀನ್ ಕಾರ್ಡ್ ಅರ್ಜಿ ಐ-485 ಪೆಂಡಿಂಗ್ ಇದೆ. ನಾನು ಎಚ್-1ಬಿ. ಹೆಂಡತಿ ಎಫ್-1ನಲ್ಲಿ ಓದಿ, ಈಗ ಆ ಅರ್ಜಿಯಿಂದ ಸಿಕ್ಕ ಕೆಲಸದ ಪರವಾನಗಿ ಇಎಡಿ ಮೇಲೆ ಕೆಲಸ ಮಾಡ್ತಿದ್ದಾಳೆ. ಹೊರಗೆ ಹೋಗಿ ಮರಳಲು ಬೇಕಾದ ಮುಂಗಡ ಅನುಮತಿ ಅಡ್ವಾನ್ಸ್ ಪರೋಲ್‌ಗೆ ಹಾಕಿದ್ದೀವಿ, ಇನ್ನೂ ಬಂದಿಲ್ಲ. ಅಪ್ಪನಿಗೆ ಆಪರೇಷನ್. ಇಬ್ಬರೂ ಹಾಸನಕ್ಕೆ ಹೋಗಿಬರಬಹುದಾ?"

ನೀವು ಹೋಗಬಹುದು. ನಿಮ್ಮ ಮನೆಯವರು ಸದ್ಯಕ್ಕೆ ಖಂಡಿತ ಹೊರಡಬಾರದು.

ಅಡ್ವಾನ್ಸ್ ಪರೋಲ್ ಮಂಜೂರಾಗುವ ಮೊದಲೇ ಅಮೆರಿಕ ಬಿಟ್ಟರೆ ಐ-485 ಅನ್ನು ಕೈಬಿಟ್ಟಂತೆ ಎಂದು ವಲಸೆ ಇಲಾಖೆ ಯುಎಸ್‌ಸಿಐಎಸ್ ಪರಿಗಣಿಸುತ್ತದೆ. ಪರೋಲ್‌ಗಾಗಿ ಐ-131 ಅರ್ಜಿ ಹಾಕಿದ ರಸೀದಿ ಮಂಜೂರಾತಿಯಲ್ಲ. ವಿಮಾನ ಹತ್ತಿದ ಮೇಲೆ ಅದು ಮಂಜೂರಾಗುತ್ತದೆ ಅಂತ ನಂಬಿಕೊಂಡು ಹೊರಡುವುದೂ ಬೇಡ, ಏಕೆಂದರೆ ಹೊರಟ ಕೂಡಲೇ ಆ ಐ-131 ಅರ್ಜಿಯೂ ಬಿದ್ದುಹೋಗುತ್ತದೆ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಯಾರೂ ತಡೆಯುವುದಿಲ್ಲ. ಪೆಟ್ಟು ಗೊತ್ತಾಗುವುದು ವಾಪಸ್ ಬರುವಾಗ, ಇಲ್ಲವೇ ತಿಂಗಳುಗಳ ನಂತರ ಬರುವ ನಿರಾಕರಣೆಯ ಪತ್ರದಲ್ಲಿ.

ಈ ನಿಯಮಕ್ಕಿರುವ ಮುಖ್ಯ ವಿನಾಯಿತಿ ಎಚ್-1ಬಿ, ಎಲ್-1 ಮತ್ತು ಅವರ ಅವಲಂಬಿತರಾದ ಎಚ್-4, ಎಲ್-2 ಇರುವವರಿಗೆ. ಎಫ್-1 ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಒಂದೇ ಮನೆಯ ಇಬ್ಬರು ಒಂದೇ ವಿಮಾನದಲ್ಲಿ ಹೋದರೂ ನಿಮ್ಮ ಅರ್ಜಿ ಉಳಿಯುತ್ತದೆ, ಅವರದು ಹೋಗುತ್ತದೆ. ಭಾರತೀಯರಿಗೆ ಇದು ಫೀಸು ಕಟ್ಟಿ ಮತ್ತೆ ಹಾಕಿದರೆ ಮುಗಿಯುವ ಮಾತಲ್ಲ. ವೀಸಾ ಬುಲೆಟಿನ್‌ನ ದಿನಾಂಕ ಅಷ್ಟರಲ್ಲಿ ಹಿಂದೆ ಸರಿದಿದ್ದರೆ, ಸರದಿಯಲ್ಲಿ ನಿಮ್ಮ ಸ್ಥಾನ ಹೇಳುವ ಪ್ರಯಾರಿಟಿ ಡೇಟ್ ಮತ್ತೆ ಕರೆಂಟ್ ಆಗುವವರೆಗೆ ಅವರು ಹೊಸ ಐ-485 ಹಾಕುವಂತೆಯೇ ಇಲ್ಲ. ಅದಕ್ಕೆ ವರ್ಷಗಳೇ ಹಿಡಿಯಬಹುದು.

ನಿಮ್ಮ ವಿನಾಯಿತಿಗೂ ಷರತ್ತುಗಳಿವೆ. ನೀವು ಎಚ್-1ಬಿಯಲ್ಲೇ ಇರಬೇಕು, ಅದೇ ಕಂಪನಿಯ ಕೆಲಸಕ್ಕೆ ಮರಳಬೇಕು, ಪಾಸ್‌ಪೋರ್ಟಿನಲ್ಲಿ ಮರಳುವ ದಿನಕ್ಕೂ ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಸ್ಟಾಂಪ್ ಇರಬೇಕು. ಈಗಲೇ ತೆಗೆದು ನೋಡಿ. ಎಚ್-1ಬಿ ಮಂಜೂರಾತಿ ಪತ್ರ ಐ-797ರಲ್ಲಿರುವ ದಿನಾಂಕವಲ್ಲ, ಸ್ಟಾಂಪಿನ ಮೇಲಿರುವ ದಿನಾಂಕ. ಅದು ಮುಗಿದಿದ್ದರೆ ಭಾರತದಲ್ಲಿ ಸ್ಟಾಂಪಿಂಗ್ ಆಗಲೇಬೇಕು. ಸ್ಲಾಟ್ ಸಿಗದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ನೀವು ಅಲ್ಲಿರುವಾಗ ಕೆಲಸ ಹೋದರೆ ಎಚ್-1ಬಿ ಮೇಲೆ ಒಳಬರಲಾಗದು, ಕೈಯಲ್ಲಿ ಪರೋಲ್ ಕೂಡ ಇರುವುದಿಲ್ಲ. ನಿಮ್ಮ ಮಟ್ಟಿಗೆ ಇದೇ ದೊಡ್ಡ ಅಪಾಯ.

ಮನೆಯವರೂ ಬರಲೇಬೇಕೆಂದಿದ್ದರೆ ಯುಎಸ್‌ಸಿಐಎಸ್ ಸಹಾಯವಾಣಿ 1-800-375-5283ಕ್ಕೆ ಫೋನ್ ಮಾಡಿ ತುರ್ತು ಅಡ್ವಾನ್ಸ್ ಪರೋಲ್‌ಗೆ ಫೀಲ್ಡ್ ಆಫೀಸ್ ಅಪಾಯಿಂಟ್‌ಮೆಂಟ್ ಕೇಳಿ. ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಕಾಯಿಲೆ, ಆಪರೇಷನ್ ದಿನಾಂಕ, ಡಾಕ್ಟರ ಸಹಿ ಎಲ್ಲ ಇಂಗ್ಲಿಷಿನಲ್ಲಿರಲಿ. ಅಪ್ಪನ ಹೆಸರು ನಿಮ್ಮ ಜನನ ಪ್ರಮಾಣಪತ್ರದಲ್ಲಿರುವಂತೆಯೇ ಇರಲಿ. ಇನಿಶಿಯಲ್ ವ್ಯತ್ಯಾಸ ನಮ್ಮ ಕಡೆ ಮಾಮೂಲು, ಆದರೆ ಅಲ್ಲಿ ಪ್ರಶ್ನೆ ಏಳುತ್ತದೆ. ಪರೋಲ್ ಸಿಕ್ಕರೆ ಅದರ ಅವಧಿ ಮರಳುವ ದಿನಕ್ಕೂ ಇರಬೇಕು. ಮೂಲ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಇನ್ನು ಅಂಚೆಪೆಟ್ಟಿಗೆ. ಬಯೋಮೆಟ್ರಿಕ್ಸ್ ನೋಟಿಸ್ ಅಥವಾ ಹೆಚ್ಚಿನ ದಾಖಲೆ ಕೇಳುವ ಆರ್‌ಎಫ್‌ಇ ನೋಟಿಸ್ ಬಂದು ಉತ್ತರಿಸದೆ ಗಡುವು ದಾಟಿದರೆ, ಪ್ರಯಾಣದ ನಿಯಮವನ್ನೆಲ್ಲ ಪಾಲಿಸಿದ್ದರೂ ಅರ್ಜಿ ಕೈಬಿಟ್ಟಂತೆ ಆಗಬಹುದು. ನಿಮ್ಮ ಮನೆಯವರು ಇಲ್ಲೇ ಉಳಿದರೆ ಅಂಚೆ ನೋಡಿಕೊಳ್ಳುತ್ತಾರೆ. ಇಬ್ಬರೂ ಹೊರಟರೆ ಪೆಟ್ಟಿಗೆಯ ಕೀಲಿಯನ್ನು ನಂಬಿಕಸ್ಥರಿಗೆ ಕೊಟ್ಟು, ಬಂದ ಪ್ರತಿ ಲಕೋಟೆಯ ಫೋಟೋ ಅಂದೇ ಕಳಿಸಲು ಹೇಳಿ.